ಬೆಟ್ಟದ ಕಥೆ ಎರಡೂವರೆ ನಿಮಿಷಕ್ಕೆ ಇಳಿದದ್ದು

ಮೈಕು ಹಿಡಿದು ತಿರುಗುವ ನಮ್ಮಂಥವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಸಭೆ ನಗಬೇಕೆಂದರೆ ಜೋಕು ಬೇಕು, ಮಿಮಿಕ್ರಿ ಬೇಕು. ನಮ್ಮ ಮನೆ ಕಥೆ ಹೇಳಲು ಹೊರಟರೆ ಜನ ಕವಳ ಹಾಕಲು ಎದ್ದು ಹೋಗುತ್ತಾರೆ ಅಂತ. ಶಿರಸಿಯ ನಮ್ಮ ಗುಂಪಿನ ಹಿರಿಯ ನಿರೂಪಕರೊಬ್ಬರು ನನಗೆ ನೇರವಾಗಿಯೇ ಹೇಳಿದ್ದರು: "ನಿನ್ನ ಬದುಕು ಯಾರಿಗೆ ಬೇಕಾ ಮಾರಾಯ, ಎರಡು ಜೋಕು ಹೇಳಿ ಇಳಿ." ಈಗ ಅವರೇ ತಮಗೆ ತಾರೀಕು ಹೊಂದದ ಕಾರ್ಯಕ್ರಮಗಳಿಗೆ ನನ್ನನ್ನು ಕಳಿಸುತ್ತಾರೆ. ಸಂಘಟಕರು ಕೇಳುವುದೂ "ಆ ಬೆಟ್ಟದ ಕಥೆಯವರು ಬರ್ತಾರಾ?" ಅಂತಲೇ.

ಆ ಬೆಟ್ಟದ ಕಥೆ ಈಗಿರುವ ರೂಪದಲ್ಲಿ ಹೀಗಿದೆ.

ಹುಡುಗಿಯ ಅಪ್ಪ ಐದು ಗಂಟೆಗೆ ಫೋನ್ ಮಾಡಿ ಹೌದೋ ಅಲ್ಲವೋ ಹೇಳುತ್ತೇನೆ ಅಂದಿದ್ದರು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಸೊಪ್ಪಿನ ಬೆಟ್ಟ ಹತ್ತಬೇಕು, ಅಲ್ಲೂ ಮತ್ತಿ ಮರದ ಬುಡದಲ್ಲಿ ಒಬ್ಬರು ನಿಲ್ಲುವಷ್ಟು ಜಾಗದಲ್ಲಿ ಮಾತ್ರ ಸಿಗುತ್ತದೆ. ಐದಕ್ಕೆ ಹತ್ತು ನಿಮಿಷ ಇರುವಾಗ ಏದುಸಿರು ಬಿಡುತ್ತ ಹೋದರೆ, ಆಚೆಮನೆ ಭಾವ ನನಗೆ ಬೆನ್ನು ಹಾಕಿ ಆಗಲೇ ಅಲ್ಲಿ ನಿಂತಿದ್ದಾನೆ. "ಹಲೋ... ಕೇಳ್ತಾ? ಹಲೋ, ಕೇಳ್ತಾ?" ನಾನು ಕಾದೆ. "ಹೌದು, ತೋಟ ಎರಡು ಎಕರೆ ಇದ್ದು." ಯಾರದೋ ತೋಟದ ವ್ಯಾಪಾರ ಅಂದುಕೊಂಡೆ. "ಅಪ್ಪ ಅಮ್ಮ ಒಳ್ಳೆಯವ್ರು." ತೋಟದ ಜೊತೆ ಅಪ್ಪ ಅಮ್ಮನನ್ನೂ ಮಾರುತ್ತಾರಾ? "ಮಾಣಿ ಶಿರಸಿಲಿ ಕೆಲಸ ಮಾಡ್ತಾ. ಚಟ ಎಂತದೂ ಇಲ್ಲೆ." ಆಗ ಗೊತ್ತಾಯಿತು, ಮಾಣಿ ನಾನು. ಆ ಕಡೆ ಇರುವುದು ಮಾವ. ನನ್ನ ಎದೆ ಉಬ್ಬಿತು. "ಹಲೋ, ಕೇಳ್ತಾ? ಎಲ್ಲ ಸರಿ ಇದ್ದು... ಸಿಟ್ಟು ಒಂದು ಸ್ವಲ್ಪ ಜಾಸ್ತಿ." ನಾನು ಇಡೀ ಬೆಟ್ಟ ನಡುಗುವ ಹಾಗೆ ಕೂಗಿದೆ: "ಯಾರಿಗೆ ಸಿಟ್ಟು? ಯಂಗೆ ಸಿಟ್ಟಾ?" ಭಾವ ತಿರುಗಿ ಸಹ ನೋಡಲಿಲ್ಲ. ಫೋನನ್ನು ಸ್ವಲ್ಪ ಬಾಯಿಯ ಹತ್ತಿರ ತಂದುಕೊಂಡ. "ಕೇಳ್ತಾ?"

ಅಷ್ಟೇ. ಓದುವಾಗ ಸಣ್ಣದಾಗಿ ಕಾಣಬಹುದು. ಹೇಳುವಾಗ ಎರಡೂವರೆ ನಿಮಿಷ, ಜನ ಚೆನ್ನಾಗಿದ್ದರೆ ಮೂರು.

ಮೊದಮೊದಲು ಇದೇ ಕಥೆ ಏಳೆಂಟು ನಿಮಿಷ ಹೋಗುತ್ತಿತ್ತು. ಜಾತಕ ಕೂಡಿಸಿದ್ದು, ಹೆಣ್ಣು ನೋಡಲು ಹೋದಾಗ ಘಟ್ಟದಲ್ಲಿ ಜೀಪು ಕೆಟ್ಟದ್ದು, ಅತ್ತೆ ಕೊಟ್ಟ ತೊಡದೇವು, ಎಲ್ಲವೂ ಇತ್ತು. ಒಂದೊಂದೂ ಒಳ್ಳೆಯ ವಿವರವೇ. ಕುಮಟೆ ಹತ್ತಿರ ಯುವಕ ಸಂಘವೊಂದರ ವಾರ್ಷಿಕೋತ್ಸವದಲ್ಲಿ, ಯಕ್ಷಗಾನದವರು ಚೌಕಿಯಲ್ಲಿ ಇನ್ನೂ ಬಣ್ಣ ಹಚ್ಚಿಕೊಳ್ಳುತ್ತಿದ್ದಾಗ, ಹೊತ್ತು ಕಳೆಯಲೆಂದು ನನ್ನನ್ನು ನಿಲ್ಲಿಸಿದರು. ಜೀಪು ಕೆಟ್ಟ ಕಡೆ ಜನ ನಕ್ಕರು, ನಾನು ಹಿಗ್ಗಿದೆ, ಆ ಜಾಗವನ್ನು ಇನ್ನಷ್ಟು ಎಳೆದೆ. ಕೊನೆಗೆ ಬಂದಾಗ ಒಬ್ಬರೂ ನಗಲಿಲ್ಲ. ಜೀಪಿನ ಕಥೆ ಕೇಳಲು ಕೂತವರಿಗೆ ಫೋನಿನ ಕೊನೆ ಕೊಟ್ಟರೆ ಮತ್ತೇನಾಗುತ್ತದೆ? ನಡುವಿನ ದೊಡ್ಡ ನಗು ಕೊನೆಯ ನಗುವನ್ನು ತಿಂದು ಹಾಕುತ್ತದೆ. ಅವತ್ತಿನ ಕವರಿನಲ್ಲಿ ನೂರಾ ಒಂದು ರೂಪಾಯಿ ಇತ್ತು. ಶಿರಸಿಗೆ ವಾಪಸು ಬರುವ ಬಸ್ಸು ಚಾರ್ಜು, ದಾರಿಯ ಚಹಾ ಕಳೆದರೆ ಉಳಿದದ್ದು ಒಂದು ಶಾಲು.

ಆಮೇಲೆ ದುಡ್ಡು ಸುರಿದದ್ದೇ ಸುರಿದದ್ದು. ಹುಬ್ಬಳ್ಳಿಯಲ್ಲಿ ಮಾತುಗಾರಿಕೆ ಕಲಿಸುವ ಕಡೆ ಮೂರು ಸಾವಿರದ ಹತ್ತಿರ ಕೊಟ್ಟೆ. ಅಲ್ಲಿ ಕೈ ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು ಅಂತ ಹೇಳಿಕೊಟ್ಟರು. ಕಥೆಯನ್ನು ಎಲ್ಲಿ ನಿಲ್ಲಿಸಬೇಕು ಅಂತ ಯಾರೂ ಹೇಳಲಿಲ್ಲ. ಕಾಲರಿಗೆ ಸಿಕ್ಕಿಸುವ ಮೈಕು ತಗೊಂಡೆ, ಸಾವಿರದ ಎಂಟುನೂರೋ ಎರಡು ಸಾವಿರವೋ. ನಮ್ಮ ಮಳೆಗಾಲಕ್ಕೆ ಒಂದೇ ವರ್ಷದಲ್ಲಿ ಬೂಸು ಹಿಡಿಯಿತು. ಕೆಲಸಕ್ಕೆ ಬಂದದ್ದು ಪುಕ್ಕಟೆ ಸಿಗುವ ಮೊಬೈಲ್ ರೆಕಾರ್ಡಿಂಗ್. ಪ್ರತಿ ಸಲ ಜೇಬಿನಲ್ಲಿ ಆನ್ ಮಾಡಿಟ್ಟು, ಮನೆಗೆ ಬಂದು ನನ್ನ ಮಾತು ಬಿಟ್ಟು ಜನರ ಸದ್ದು ಮಾತ್ರ ಕೇಳುತ್ತಿದ್ದೆ. ಕೆಮ್ಮು, ಕುರ್ಚಿ ಎಳೆಯುವ ಸದ್ದು, ಮಕ್ಕಳ ಗಲಾಟೆ ಎಲ್ಲಿ ಶುರುವಾಗುತ್ತದೋ ಅಲ್ಲಿಂದ ಹಿಂದಿನ ಎರಡು ವಾಕ್ಯ ಹೊಡೆದು ಹಾಕುವುದು. ಜಾತಕ ಹೋಯಿತು, ತೊಡದೇವು ಹೋಯಿತು, ಜೀಪನ್ನು ಬಿಡಲು ಮಾತ್ರ ತಿಂಗಳುಗಟ್ಟಲೆ ಬೇಕಾಯಿತು.

ಉಳಿದದ್ದು ಐದು ಗಂಟೆ, ಒಂದು ಮರ, ಒಬ್ಬರಿಗೇ ಜಾಗ. ಶುರುವಿನಲ್ಲಿ ಇವಿಷ್ಟು ಕೊಟ್ಟರೆ ಸಾಕು, ಏನೋ ಆಗುತ್ತದೆ ಅಂತ ಜನರೇ ಕಾಯುತ್ತಾರೆ. "ಒಂದು ತಮಾಷೆಯ ಪ್ರಸಂಗ ಹೇಳ್ತೇನೆ" ಎಂಬ ಪೀಠಿಕೆಯನ್ನೂ ಕಿತ್ತೆ. ಹಾಗೆ ಹೇಳಿದ ತಕ್ಷಣ ಮುಂದಿನ ಸಾಲಿನವರು ನೋಡೋಣ ನಗಿಸು ಅಂತ ಕೈಕಟ್ಟಿ ಕೂರುತ್ತಾರೆ. ಈಗ ನನ್ನ ಮೊದಲ ವಾಕ್ಯದಲ್ಲೇ ಹುಡುಗಿಯ ಅಪ್ಪ ಇದ್ದಾರೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕೊನೆಯ ವಾಕ್ಯ. ಕನ್ನಡದಲ್ಲಿ ಮಾತನ್ನು ಹೇಳಿ ಆಮೇಲೆ "ಅಂದ" ಸೇರಿಸುವುದು ನಮಗೆ ಉಸಿರಾಟದಷ್ಟು ಸಹಜ. "ಕೇಳ್ತಾ?" ಅಂದ ಭಾವ, ಅಂತ ಹೇಳುತ್ತಿದ್ದೆ. ರೆಕಾರ್ಡಿಂಗಿನಲ್ಲಿ ಗಮನಿಸಿದರೆ ನಗು ಏಳಬೇಕಾದ ಜಾಗದಲ್ಲಿ ನನ್ನದೇ "ಅಂದ" ಕೂತಿದೆ. ಜನ ಶಿಷ್ಟಾಚಾರದವರು, ನನ್ನ ಮಾತು ಮುಗಿಯಲಿ ಅಂತ ತಡೆದುಕೊಂಡಿದ್ದಾರೆ. ತಡೆದ ನಗು ಅರ್ಧಕ್ಕರ್ಧ ಆರಿಹೋಗುತ್ತದೆ. ಹಾಗಾಗಿ ಹೇಳಿದವನು ಯಾರು, ಹೇಗೆ ನಿಂತಿದ್ದ, ಫೋನು ಎಲ್ಲಿತ್ತು, ಎಲ್ಲವನ್ನೂ ಮೊದಲೇ ಮುಗಿಸಿ, ಆಡಿದ ಮಾತನ್ನು ಮಾತ್ರ ಕೊನೆಗಿಟ್ಟೆ. ಅದಾದ ಮೇಲೆ ಕ್ರಿಯಾಪದವೂ ಇಲ್ಲ, "ಅಂತ"ವೂ ಇಲ್ಲ. ಈ ಒಂದು ಬದಲಾವಣೆ ಮಾಡಿದ ಮೇಲೆ ಸಿದ್ದಾಪುರದಲ್ಲಿ ಹೇಳಿದಾಗ ಮೊದಲ ಸಲ ಸಭೆ ಒಟ್ಟಿಗೇ ನಕ್ಕಿತು. ನಿಮ್ಮ ಯಾವುದೇ ಹಳೆಯ ಕಥೆ ತೆಗೆದು ಕೊನೆಯ ಶಬ್ದ ಯಾವುದು ಅಂತ ನೋಡಿ, ಹತ್ತಕ್ಕೆ ಎಂಟರಲ್ಲಿ "ಅಂದ", "ಅಂದ್ಲು", "ಅಂದ್ಬಿಟ್ರು" ಇರುತ್ತದೆ.

ನಿಜವಾಗಿ ಭಾವ ಅವತ್ತು ಆಡಿದ್ದು ಇಷ್ಟು ಚೊಕ್ಕವಾಗಿಯೇನೂ ಇರಲಿಲ್ಲ. "ಈಗ ನಿಂಗಕ್ಕೇ ಕೇಳ್ತಲಿ, ಇದೇ ಮಾಣಿ ನೋಡಿ, ಹಿಂದೆ ಬಂದು ನಿಂತಿದ್ದ" ಅಂತೇನೋ ಉದ್ದ ಹೇಳಿದ್ದ. ಅದನ್ನು ಕತ್ತರಿಸಿದ್ದು ನಾನು. ನಡೆದದ್ದನ್ನು ಬದಲಿಸಿಲ್ಲ, ಮಾತನ್ನು ಗಿಡ್ಡ ಮಾಡಿದ್ದೇನೆ. ಭಾವನ ಒಪ್ಪಿಗೆಯನ್ನೂ ಕೇಳಿದ್ದೇನೆ. ಅವನ ಷರತ್ತು ಒಂದೇ, ಅವನಿರುವ ಸಭೆಯಲ್ಲಿ ಅವನ ಕಡೆ ಕೈ ತೋರಿಸಬಾರದು.

ಆ "ಕೇಳ್ತಾ" ಶಬ್ದವನ್ನು ಮೊದಲೇ ಎಷ್ಟು ಸಲ ಬಿತ್ತಬೇಕು ಎಂಬುದರಲ್ಲೂ ಸಾಕಷ್ಟು ಪ್ರಯೋಗ ಮಾಡಿದೆ. ಶುರುವಿನಲ್ಲಿ ಒಂದೇ ಸಲ ಇಟ್ಟರೆ ಕೊನೆಯ ಹೊತ್ತಿಗೆ ಜನ ಮರೆತಿರುತ್ತಾರೆ. ಪ್ರತಿ ಮಾತಿಗೂ ಹಾಕಿದರೆ ಹಿಂದಿನ ಸಾಲಿನ ಯಾವನಾದರೂ ಹುಡುಗ ನನಗಿಂತ ಮೊದಲೇ "ಕೇಳ್ತಾ" ಅಂತ ಕೂಗಿಬಿಡುತ್ತಾನೆ, ಅಂಕೋಲೆಯಲ್ಲಿ ಹಾಗೇ ಆಯಿತು. ಈಗ ಶುರುವಿಗೆ ಜೋಡಿಯಾಗಿ ಒಮ್ಮೆ, ಸಿಟ್ಟಿನ ಮಾತಿನ ಸ್ವಲ್ಪ ಮುಂಚೆ ಇನ್ನೊಮ್ಮೆ. ಬಿತ್ತುವಾಗ ಒತ್ತು ಕೊಡಬಾರದು, ಸಿಗ್ನಲ್ ಇಲ್ಲದವನು ಕೂಗುವ ಹಾಗೆ ಬೇಸರದಲ್ಲಿ ಕೂಗಬೇಕು. ಕೊನೆಯದನ್ನು ಮಾತ್ರ ಮೆತ್ತಗೆ, ತೀರಾ ವಿನಯದಿಂದ. ನಾನು ಕೂಗಿದ ಮೇಲೆ ಕೊನೆಯ ಮಾತಿಗೆ ಮುಂಚೆ ಎಷ್ಟು ಹೊತ್ತು ಸುಮ್ಮನಿರಬೇಕು, ಆಗ ಯಾರ ಮುಖ ನೋಡಬೇಕು ಎಂಬುದು ನನ್ನ ಹೊಟ್ಟೆಪಾಡು, ಅದನ್ನಿಲ್ಲಿ ಬರೆಯುವುದಿಲ್ಲ.

ನಿಜವಾದ ಫೋನ್ ಹಿಡಿದು ಹೇಳಿ ನೋಡಿದೆ. ಜನ ಫೋನನ್ನೇ ನೋಡಿದರು, ಯಾವ ಕಂಪನಿಯದು ಅಂತ ಒಬ್ಬರು ಕೇಳಿಯೂ ಬಿಟ್ಟರು. ಖಾಲಿ ಕೈಯೇ ವಾಸಿ. ಪೂರ್ತಿ ಹವ್ಯಕ ಮಾತಿನಲ್ಲಿ ಹೇಳಿದ್ದೂ ಇದೆ. ಶಿರಸಿ, ಯಲ್ಲಾಪುರದಲ್ಲಿ ನಡೆಯಿತು, ಕಾರವಾರದಲ್ಲಿ ಕೊಂಕಣಿ ಮನೆಮಾತಿನವರೇ ತುಂಬಿದ್ದ ಸಭೆಯಲ್ಲಿ "ಮಾಣಿ" ಎಂಬಲ್ಲೇ ಕೆಲವರು ಪಕ್ಕದವರನ್ನು ಏನು ಅಂತ ಕೇಳತೊಡಗಿದರು. ಕಥೆ ಓಡುತ್ತಿರುವಾಗ ಕೇಳುವವ ಪಕ್ಕಕ್ಕೆ ತಿರುಗಿದರೆ ಮತ್ತೆ ಸಿಗುವುದಿಲ್ಲ. ಆದ್ದರಿಂದ ನಡೆ ಎಲ್ಲ ಸಾದಾ ಕನ್ನಡದಲ್ಲಿ, ಭಾವನ ಬಾಯಿ, ನನ್ನ ಆ ಒಂದು ಕೂಗು ಮಾತ್ರ ನಮ್ಮ ಮಾತಿನಲ್ಲಿ. ಕಾರವಾರದಲ್ಲಿ ಮಾಣಿಯ ಬದಲು ಹುಡುಗ.

ವೇದಿಕೆಗೆ ತರುವ ಮುಂಚೆ ಪರೀಕ್ಷೆಗೆ ನಾನು ಹೋಗುವುದು ಮದುವೆ ಮನೆಯ ಅಡುಗೆ ಕೊಟ್ಟಿಗೆಗೆ. ಹಿಂದಿನ ರಾತ್ರಿ ತರಕಾರಿ ಹೆಚ್ಚಲು ಕೂತವರು ನನಗಾಗಿ ಕೂತವರಲ್ಲ, ಮರ್ಯಾದೆಗೆ ನಗುವವರೂ ಅಲ್ಲ. "ಮಾಣಿ ಶಿರಸಿಲಿ" ಎಂಬಲ್ಲಿ ಕತ್ತಿಯ ಸದ್ದು ನಿಧಾನವಾದರೆ ಕಥೆ ಸರಿಯಾಗಿ ಏರುತ್ತಿದೆ ಅಂತ ಲೆಕ್ಕ. ನಿಲ್ಲದೆ ಅದೇ ಲಯದಲ್ಲಿ ಹೆಚ್ಚುತ್ತಿದ್ದರೆ, ಫೋನಿನ ಆ ಕಡೆ ಯಾರಿದ್ದಾರೆ ಎಂಬುದನ್ನು ನಾನು ಬೇಗ ಬಿಟ್ಟುಕೊಟ್ಟಿದ್ದೇನೆ ಎಂದು.

ಮುಗಿದ ಮೇಲೆ ಬಾಯಿ ಮುಚ್ಚುವುದು ಬೇರೆಯೇ ಅಭ್ಯಾಸ. ಮೊದಲು "ಅಂದರೆ ಮಾವನಿಗೆ ನನ್ನ ಸಿಟ್ಟು ಸ್ವತಃ ಕೇಳಿಸಿತು" ಅಂತ ಬಿಡಿಸಿ ಹೇಳುತ್ತಿದ್ದೆ, ಅರ್ಥವಾಗದವರಿಗೆ ಉಪಕಾರ ಅಂತ. ಅರ್ಥವಾದವರ ನಗುವೂ ಅದರಿಂದ ನಿಂತಿತು. ಈಗ ಸುಮ್ಮನೆ ನಿಲ್ಲುತ್ತೇನೆ. ಹೆಚ್ಚುಕಡಿಮೆ ಪ್ರತಿ ಊರಿನಲ್ಲೂ ಯಾರಾದರೊಬ್ಬರು "ಮದುವೆ ಆಯ್ತಾ?" ಅಂತ ಕೂಗುತ್ತಾರೆ. ಅದಕ್ಕೊಂದು ಉತ್ತರ ಸದಾ ಜೇಬಿನಲ್ಲಿದೆ: "ಮದುವೆ ಆಯ್ತು, ನೆಟ್‌ವರ್ಕ್ ಇನ್ನೂ ಬಂದಿಲ್ಲ." ಯಾರೂ ಕೇಳದಿದ್ದರೆ ನಾನಾಗಿಯೇ ಹೇಳಲು ಹೋಗುವುದಿಲ್ಲ, ಒಮ್ಮೆ ಹಾಗೆ ಹೇಳಿದಾಗ ಬಾಲ ಅಂಟಿಸಿದಂತಾಯಿತು.

ಈಗ ಒಂದು ಸಂಜೆಗೆ ನಾಲ್ಕರಿಂದ ಐದು ಸಾವಿರ ಸಿಗುತ್ತದೆ, ಘಟ್ಟ ಇಳಿಯಬೇಕಾದರೆ ಬಸ್ಸು ಚಾರ್ಜು ಬೇರೆ. ಸದ್ಯ ಕೈಯಲ್ಲಿರುವುದು ತದಡಿಯಿಂದ ಅಘನಾಶಿನಿಗೆ ದೋಣಿಯಲ್ಲಿ ದಾಟುವಾಗ ನಡೆದ ಇನ್ನೊಂದು ಪ್ರಸಂಗ. ಶುರು ಸರಿಯಿದೆ, ನಡುವೆ ಏರುತ್ತದೆ. ಆದರೆ ಕೊನೆಯ ಮಾತನ್ನು ಆಡುವವನು ದೋಣಿಯವನು, ಅವನು ಯಾರೆಂದು ಹೇಳಲು ನನಗೆ ಆ ಮಾತಿನ ಮುಂಚೆ ಎರಡು ವಾಕ್ಯ ಬೇಕಾಗುತ್ತಿದೆ, ಅಷ್ಟರಲ್ಲಿ ದೋಣಿ ದಡ ಸೇರಿರುತ್ತದೆ. ಅವನನ್ನು ಮೊದಲ ವಾಕ್ಯದಲ್ಲೇ ಹತ್ತಿಸಿಕೊಂಡು ನೋಡಬೇಕು. ಬರುವ ತಿಂಗಳು ಹೊನ್ನಾವರದ ಕಡೆ ಒಂದು ಮದುವೆಯಿದೆ, ಹಿಂದಿನ ರಾತ್ರಿ ಸೌತೆಕಾಯಿ ಹೆಚ್ಚುವವರ ಎದುರು ಹೇಳುತ್ತೇನೆ.