ಕ್ಯಾನ್ಸಲ್ ತಡವಾದ ನೂರು ಮೈಕ್ರೊಸೆಕೆಂಡು

2019ರಲ್ಲಿ ನಾನು ಮುಂಬಯಿಯ ಲೋವರ್ ಪರೇಲಿನ ಒಂದು ಸಣ್ಣ ಟ್ರೇಡಿಂಗ್ ಸಂಸ್ಥೆಯಲ್ಲಿದ್ದೆ. ಅಲ್ಲಿ ಗ್ರಾಹಕರ ಹಣ ಇರಲಿಲ್ಲ, ಎಲ್ಲವೂ ಮಾಲೀಕರ ಸ್ವಂತ ಬಂಡವಾಳ. ನಿಫ್ಟಿ ಸೂಚ್ಯಂಕದ ಏರಿಳಿತಕ್ಕೆ ತಕ್ಕಂತೆ ಬೆಲೆ ಬದಲಾಗುವ ಕರಾರುಗಳಾದ ನಿಫ್ಟಿ ಆಪ್ಷನ್‌ಗಳಲ್ಲಿ ಕೊಳ್ಳುವ ದರವನ್ನೂ ಮಾರುವ ದರವನ್ನೂ ದಿನವಿಡೀ ಒಟ್ಟಿಗೇ ಇಟ್ಟುಕೊಂಡು, ಎರಡರ ನಡುವಿನ ಅಂತರವನ್ನು ಗಳಿಸುವುದು ನಮ್ಮ ವ್ಯಾಪಾರ. ಆ ದರಗಳನ್ನು ಕಳಿಸುವ, ಬದಲಿಸುವ, ಹಿಂತೆಗೆಯುವ ಪ್ರೋಗ್ರಾಮು ನನ್ನ ಜವಾಬ್ದಾರಿಯಾಗಿತ್ತು.

ಮೊದಲು ನಮ್ಮ ಸರ್ವರ್ ಆಫೀಸಿನಲ್ಲೇ ಇತ್ತು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಇರುವುದು ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ. ಗಾಜಿನ ಎಳೆಯಲ್ಲಿ ಬೆಳಕು ಒಂದು ಕಿಲೋಮೀಟರು ಸಾಗಲು ಸುಮಾರು 5 ಮೈಕ್ರೊಸೆಕೆಂಡು ಬೇಕು. ಕೇಬಲ್ಲು ಸುತ್ತಿ ಬಳಸಿ 12 ಕಿಲೋಮೀಟರು ಆಗುತ್ತದೆ ಎಂದುಕೊಂಡರೂ ಹೋಗಿಬರಲು 120 ಮೈಕ್ರೊಸೆಕೆಂಡು ಸಾಕು. ಆದರೆ ನಡುವೆ ಕೂತ ಟೆಲಿಕಾಂ ಉಪಕರಣಗಳು ಸೇರಿ ಅದು ಒಂದು ಮಿಲಿಸೆಕೆಂಡಿನ ಹತ್ತಿರ ಹೋಗುತ್ತಿತ್ತು. ವಿನಿಮಯ ಕೇಂದ್ರ ತನ್ನ ಕಟ್ಟಡದಲ್ಲೇ ಸದಸ್ಯರಿಗೆ ರ್ಯಾಕ್ ಬಾಡಿಗೆಗೆ ಕೊಡುವ ವ್ಯವಸ್ಥೆಗೇ ಕೋ-ಲೊಕೇಶನ್ ಅಥವಾ ನಮ್ಮ ಬಾಯಲ್ಲಿ ‘ಕೋಲೊ’ ಎನ್ನುವುದು. ಸಾಲ ಮಾಡಿಯಾದರೂ ಅಲ್ಲಿಗೆ ಹೋಗಲೇಬೇಕೆಂದು ಮಾಲೀಕರು ಹಟ ಹಿಡಿದರು, ಹೋದೆವು. ಅಲ್ಲಿ ಪ್ರತಿ ರ್ಯಾಕಿಗೂ ಕೇಬಲ್ಲಿನ ಉದ್ದ ಒಂದೇ. ಹತ್ತಿರದ ರ್ಯಾಕಿನವರಿಗೆ ಲಾಭವಾಗಬಾರದೆಂದು ಹೆಚ್ಚುವರಿ ಕೇಬಲ್ಲನ್ನು ಸುರುಳಿ ಸುತ್ತಿ ಇಟ್ಟಿರುತ್ತಾರೆ. ಹತ್ತು ಮೀಟರು ಎಂದರೆ 50 ನ್ಯಾನೊಸೆಕೆಂಡು. ಅಷ್ಟಕ್ಕೂ ಜಗಳವಾಡುವವರು ಇದ್ದಾರೆ ಎಂಬುದಕ್ಕೆ ಆ ಸುರುಳಿಯೇ ಸಾಕ್ಷಿ.

ಇಷ್ಟೊಂದು ಆತುರ ಏಕೆ ಎಂಬುದನ್ನು ಒಂದು ವ್ಯವಹಾರದ ಲೆಕ್ಕದಲ್ಲಿ ತೋರಿಸುತ್ತೇನೆ. ನಿಫ್ಟಿ ಏರಿದರೆ ಬೆಲೆ ಏರುವ ಒಂದು ಕಾಲ್ ಆಪ್ಷನ್ನಿಗೆ ನಾವು 40.00 ರೂಪಾಯಿಗೆ ಕೊಳ್ಳುತ್ತೇವೆ, 40.20ಕ್ಕೆ ಮಾರುತ್ತೇವೆ ಎಂದು ದರ ಇಟ್ಟಿದ್ದೇವೆ ಎನ್ನಿ. ಎರಡೂ ಕಡೆ 20 ಲಾಟ್; ಆಗ ನಿಫ್ಟಿಯ ಲಾಟ್ 75 ಇದ್ದುದರಿಂದ 1,500 ಯೂನಿಟ್. ಯಾರೋ ನಮಗೆ ಮಾರಿ, ಇನ್ಯಾರೋ ನಮ್ಮಿಂದ ಕೊಂಡರೆ ಯೂನಿಟ್ಟಿಗೆ 20 ಪೈಸೆ ಸಿಗುತ್ತದೆ. ತೆರಿಗೆ, ಶುಲ್ಕಗಳು ಹೋಗಿ 12 ಪೈಸೆ ಕೈಯಲ್ಲಿ ಉಳಿದರೆ ಒಟ್ಟು 180 ರೂಪಾಯಿ. ಈಗ ನಿಫ್ಟಿಯನ್ನು ಮುಂದಿನ ದಿನಾಂಕಕ್ಕೆ ಕೊಳ್ಳುವ-ಮಾರುವ ಕರಾರಾದ ನಿಫ್ಟಿ ಫ್ಯೂಚರ್ ಒಂದೇ ಏಟಿಗೆ ಒಂದೂವರೆ ಪಾಯಿಂಟು ಇಳಿಯಿತು. ನಿಫ್ಟಿ ಒಂದು ಪಾಯಿಂಟು ಸರಿದರೆ ಆಪ್ಷನ್ನಿನ ಬೆಲೆ ಎಷ್ಟು ಸರಿಯುತ್ತದೆ ಎಂಬುದರ ಅಳತೆಯಾದ ಡೆಲ್ಟಾ ಇದಕ್ಕೆ 0.4 ಆಗಿದ್ದರೆ ಅದರ ನಿಜವಾದ ಬೆಲೆ 60 ಪೈಸೆ ಇಳಿದು 40.10ರಿಂದ 39.50ಕ್ಕೆ ಬಂದಂತಾಯಿತು. ನಮ್ಮ 40.00ರ ಬಿಡ್, ಅಂದರೆ ಕೊಳ್ಳುವ ದರ, ಮಾತ್ರ ಇನ್ನೂ ಅಲ್ಲೇ ನಿಂತಿದೆ. ಆ ಇಳಿತವನ್ನು ಕಂಡ ಪ್ರತಿ ಸಂಸ್ಥೆಯೂ ನಮ್ಮ ಬಿಡ್ಡಿಗೆ ಮಾರಲು ಓಡುತ್ತಿದೆ, ನಾವು ಅದನ್ನು ಕ್ಯಾನ್ಸಲ್ ಮಾಡಲು ಓಡುತ್ತಿದ್ದೇವೆ. ಕೇಂದ್ರದ ಸರದಿಯಲ್ಲಿ ನಮ್ಮ ಕ್ಯಾನ್ಸಲ್ ಮೊದಲು ತಲುಪಿದರೆ ಏನೂ ಆಗುವುದಿಲ್ಲ. ಅವರ ಆರ್ಡರು ಒಂದು ಮೈಕ್ರೊಸೆಕೆಂಡು ಮುಂದಿದ್ದರೂ 39.50ರ ಮಾಲನ್ನು ನಾವು 40.00ಕ್ಕೆ ಕೊಂಡೆವು. 50 ಪೈಸೆಯಂತೆ 1,500ಕ್ಕೆ 750 ರೂಪಾಯಿ, ಅಂದರೆ ನಾಲ್ಕು ಒಳ್ಳೆಯ ವ್ಯವಹಾರಗಳ ಗಳಿಕೆ, ಹೋಯಿತು. ಇಂಥದ್ದು ದಿನಕ್ಕೆ ನೂರಾರು ಸಲ ನಡೆಯುತ್ತದೆ. ಇಲ್ಲಿ ಗಡಿಯಾರದ ವೇಗಕ್ಕೆ ಬೆಲೆಯಿಲ್ಲ. ಎದುರಾಳಿಗಿಂತ ಮೊದಲೋ ಅಲ್ಲವೋ ಎಂಬುದೊಂದೇ ಪ್ರಶ್ನೆ.

ಕೋಲೊಗೆ ಹೋದ ಮೇಲೂ ನಮ್ಮ ಲೆಕ್ಕ ಕೂಡಲಿಲ್ಲ. ಪ್ರೋಗ್ರಾಮಿನ ಲಾಗ್ ತೆರೆದರೆ, ದರದ ಪ್ಯಾಕೆಟ್ ಬಂದು ನಿರ್ಧಾರವಾಗುವ ತನಕ ಸಾಮಾನ್ಯವಾಗಿ 9 ಮೈಕ್ರೊಸೆಕೆಂಡು. ನೂರರಲ್ಲಿ ತೊಂಬತ್ತೊಂಬತ್ತು ಸಲ 20ರ ಒಳಗೆ. ನಮ್ಮಂಥ ಸಣ್ಣವರಿಗೆ ಇದು ಚೆನ್ನಾಗಿಯೇ ಇತ್ತು. ಆದರೂ ನಮಗೆ ದೊರೆತ ಕೊಳ್ಳುವಿಕೆಗಳ ಪಟ್ಟಿ ವಿಚಿತ್ರವಾಗಿತ್ತು: ಬೆಲೆ ಇಳಿಯುವ ಮುನ್ನ ನಾವು ಕೊಂಡಿರುತ್ತಿದ್ದೆವು, ಏರುವ ಮುನ್ನ ಮಾರಿರುತ್ತಿದ್ದೆವು. ನಿಧಾನವಾಗಿರುವವನಿಗೆ ವ್ಯವಹಾರ ಸಿಗುವುದಿಲ್ಲ ಎಂದು ಹೊರಗಿನವರು ಭಾವಿಸುತ್ತಾರೆ. ದರ ಇಟ್ಟು ಕೂತವನಿಗೆ ಆಗುವುದು ತದ್ವಿರುದ್ಧ. ಅವನಿಗೆ ವ್ಯವಹಾರ ಧಾರಾಳವಾಗಿ ಸಿಗುತ್ತದೆ, ಆದರೆ ಬೇಡವಾದವೇ ಸಿಗುತ್ತವೆ. ಪ್ರತಿ ಫಿಲ್, ಅಂದರೆ ನಾವಿಟ್ಟ ದರಕ್ಕೆ ವ್ಯವಹಾರ, ಆದ ಒಂದು ಸೆಕೆಂಡಿನ ನಂತರದ ಬೆಲೆಯನ್ನು ಪಕ್ಕದಲ್ಲಿ ಬರೆದು ನೋಡಿದರೆ ಈ ರೋಗ ಕೂಡಲೇ ಕಾಣುತ್ತದೆ.

ಮೂರು ವಾರ ನಾನು ದರ ಲೆಕ್ಕ ಹಾಕುವ ಸೂತ್ರವನ್ನೇ ಅನುಮಾನಿಸಿ ಕಾಲ ಕಳೆದೆ. ಕೊನೆಗೆ ಒಳಬರುವ ಕೇಬಲ್ಲಿಗೂ ಹೊರಹೋಗುವ ಕೇಬಲ್ಲಿಗೂ ಪ್ಯಾಕೆಟ್ಟಿನ ನಕಲು ತೆಗೆಯುವ ಟ್ಯಾಪ್ ಹಾಕಿಸಿ, ಹಾರ್ಡ್‌ವೇರಿನಲ್ಲೇ ಸಮಯ ಮುದ್ರಿಸುವ ಕಾರ್ಡಿನಿಂದ ಪ್ಯಾಕೆಟ್ಟುಗಳನ್ನು ಹಿಡಿದೆ. ಫ್ಯೂಚರ್ ಬೆಲೆಯ ಪ್ಯಾಕೆಟ್ ತಂತಿಯಲ್ಲಿ ಬಂದ ಕ್ಷಣ, ನಮ್ಮ ಕ್ಯಾನ್ಸಲ್ ತಂತಿಗೆ ಇಳಿದ ಕ್ಷಣ, ಇವೆರಡರ ವ್ಯತ್ಯಾಸ. ಗದ್ದಲದ ಹೊತ್ತಿನಲ್ಲಿ ಅದು ಲಾಗ್ ಹೇಳಿದ್ದಕ್ಕೆ ಸಮೀಪವಿತ್ತು. ಮಾರುಕಟ್ಟೆ ಕೆಲವು ಕ್ಷಣ ತಣ್ಣಗಿದ್ದು ಒಮ್ಮೆಲೇ ಜಿಗಿದಾಗ ಮಾತ್ರ ಮೊದಲ ಕ್ಯಾನ್ಸಲ್ ನೂರು ಮೈಕ್ರೊಸೆಕೆಂಡಿಗೂ ಹೆಚ್ಚು ತಡ. ನಮಗೆ ವೇಗ ಬೇಕಾದ ಏಕೈಕ ಗಳಿಗೆಯಲ್ಲೇ ನಾವು ನಿಧಾನ.

ತಪ್ಪು ನನ್ನದೇ ಆಗಿತ್ತು. ಪ್ರೋಗ್ರಾಮಿನೊಳಗೆ ಒಟ್ಟಿಗೇ ಓಡುವ ಎರಡು ಕೆಲಸದ ಎಳೆಗಳಿದ್ದವು: ದರ ಓದುವ ಥ್ರೆಡ್ ಒಂದು, ಆರ್ಡರು ಕಳಿಸುವ ಥ್ರೆಡ್ ಇನ್ನೊಂದು. ಮೊದಲನೆಯದು ಎಡೆಬಿಡದೆ ಪ್ಯಾಕೆಟ್ ಬಂತೇ ಬಂತೇ ಎಂದು ನೋಡುತ್ತಲೇ ಇರುತ್ತಿತ್ತು. ಎರಡನೆಯದು ಕೆಲಸವಿಲ್ಲದಾಗ ನಿದ್ದೆ ಹೋಗಿ, ಎಬ್ಬಿಸಿದಾಗ ಏಳುವಂತೆ ಬರೆದಿದ್ದೆ. ಥ್ರೆಡ್ ಮಲಗಿದರೆ ಅದರ ಪ್ರೊಸೆಸರ್ ಕೋರ್ ಕೂಡ ವಿದ್ಯುತ್ ಉಳಿಸಲು ಆಳವಾದ ನಿದ್ರಾಸ್ಥಿತಿಗೆ ಇಳಿಯುತ್ತಿತ್ತು, ಅಲ್ಲಿಂದ ಮೇಲೇಳಲು ಅದಕ್ಕೆ ಹತ್ತಾರು ಮೈಕ್ರೊಸೆಕೆಂಡು ಬೇಕಿತ್ತು. ಲಾಗಿನಲ್ಲಿ ಇದು ಕಾಣದಿದ್ದುದು ಏಕೆಂದರೆ, ಸಮಯದ ಮುದ್ರೆಯನ್ನು ನಾನು ಆರ್ಡರನ್ನು ಎರಡನೆಯ ಥ್ರೆಡ್ಡಿನ ಸರದಿಗೆ ಹಾಕುವಾಗ ಒತ್ತುತ್ತಿದ್ದೆ, ಅದು ತಂತಿಗೆ ಇಳಿಯುವಾಗ ಅಲ್ಲ. ಎರಡನೆಯ ಥ್ರೆಡ್ಡನ್ನೂ ಮಲಗದಂತೆ ಬದಲಿಸಿ, ಸರ್ವರಿನ ಬೂಟ್ ಸಾಲಿಗೆ ಇವಿಷ್ಟನ್ನು ಸೇರಿಸಿದೆ:

```
intel_idle.max_cstate=0 processor.max_cstate=1 idle=poll isolcpus=4-7
```

ಕೋರ್‌ಗಳು ಈಗ ಹಗಲೆಲ್ಲ ಕಾದು ಕೆಂಪಾಗುತ್ತಿದ್ದವು, ಕರೆಂಟಿನ ಬಿಲ್ಲೂ ಏರಿತು. ಬೇಡದ ಫಿಲ್‌ಗಳು ಮಾತ್ರ ಕಣ್ಣಿಗೆ ಕಾಣುವಷ್ಟು ಇಳಿದವು. ಪೂರ್ತಿ ನಿಲ್ಲಲಿಲ್ಲ, ನಮಗಿಂತ ದೊಡ್ಡವರು ಈ ಕೆಲಸವನ್ನೆಲ್ಲ ಲೆಕ್ಕವನ್ನು ಸರ್ಕ್ಯೂಟಿನಲ್ಲೇ ನಡೆಸುವ ಎಫ್‌ಪಿಜಿಎ ಚಿಪ್ಪಿನಲ್ಲಿ ಒಂದು ಮೈಕ್ರೊಸೆಕೆಂಡಿನೊಳಗೆ ಮುಗಿಸುತ್ತಿದ್ದರು, ಅವರೊಡನೆ ಸಾಫ್ಟ್‌ವೇರಿನಿಂದ ಸೆಣಸುವ ಮಾತೇ ಇರಲಿಲ್ಲ. ಅವರು ಬರುವ ಸ್ಟ್ರೈಕುಗಳಲ್ಲಿ, ಅಂದರೆ ಆ ನಿಗದಿತ ಬೆಲೆಯ ಆಪ್ಷನ್ನುಗಳಲ್ಲಿ, ನಾವು ಅಂತರವನ್ನು ಅಗಲಿಸಿ, ಲಾಟ್ ಕಡಿಮೆ ಮಾಡಿದೆವು.

ಇದೇ ದಿನಗಳಲ್ಲಿ ಒಂದು ಭಾನುವಾರ ಡೊಂಬಿವಲಿಯಲ್ಲಿರುವ ನನ್ನ ಸೋದರಮಾವನ ಮನೆಗೆ ಹೋಗಿದ್ದೆ. ಅವರು ಬ್ಯಾಂಕಿನಿಂದ ನಿವೃತ್ತರು, ಕುಂದಾಪುರದ ಕಡೆಯವರು, ಪ್ರತಿ ಷೇರು ಖರೀದಿಯನ್ನೂ ಡೈರಿಯಲ್ಲಿ ಬರೆಯುವವರು. ಚಹಾ ಲೋಟ ಕೆಳಗಿಡುವ ಮೊದಲೇ ಕೇಳಿದರು: “ಸತ್ಯ ಹೇಳು ಮಾರಾಯ, ನಿಮ್ಮ ಆ ಮೆಷಿನ್ನುಗಳು ಮಧ್ಯೆ ನುಗ್ಗಿ ನಮ್ಮ ರೇಟು ಹಾರಿಸಿಕೊಂಡು ಹೋಗುವುದಲ್ವ? ನಾನು ಒತ್ತುವಾಗ ಒಂದು, ಸಿಗುವಾಗ ಇನ್ನೊಂದು.”

“ಡೈರಿ ತನ್ನಿ ಮಾವ, ನೋಡುವ” ಎಂದೆ.

ಒತ್ತುವಾಗ ಕಂಡ ಬೆಲೆ, ಸಿಕ್ಕ ಬೆಲೆ, ಎರಡನ್ನೂ ಬರೆದಿದ್ದರು. ಹನ್ನೆರಡು ಖರೀದಿಗಳಲ್ಲಿ ಕೊನೆಯದನ್ನು ಬಿಟ್ಟು ನೋಡಿದರೆ ಐದರಲ್ಲಿ ಹೆಚ್ಚು ಕೊಟ್ಟಿದ್ದರು, ನಾಲ್ಕರಲ್ಲಿ ಕಡಿಮೆ, ಎರಡರಲ್ಲಿ ಸಮ. ಹೆಚ್ಚು ಕೊಟ್ಟದ್ದರಲ್ಲೂ ಒಂದು ಪಾಲು ತಡದ್ದಲ್ಲ: ಮೊಬೈಲಿನಲ್ಲಿ ದೊಡ್ಡದಾಗಿ ಕಾಣುವುದು ಕೊನೆಯದಾಗಿ ವ್ಯವಹಾರವಾದ ಬೆಲೆ, ಕೊಳ್ಳುವವನು ಕೊಡಬೇಕಾದದ್ದು ಆ ಹೊತ್ತಿನ ಮಾರುವ ದರ. ಒಂದು ಸಾಲನ್ನು ಬಿಡಿಸಿದೆವು. 842.50 ಕಂಡು 100 ಷೇರು ಒತ್ತಿದ್ದರು, 842.65ಕ್ಕೆ ಸಿಕ್ಕಿತ್ತು, ಹೆಚ್ಚಾದದ್ದು 15 ರೂಪಾಯಿ. ಅದೇ ಖರೀದಿಗೆ ಷೇರು ವ್ಯವಹಾರ ತೆರಿಗೆ 0.1 ಶೇಕಡಾದಂತೆ 84 ರೂಪಾಯಿ ಹೋಗಿತ್ತು. ಅವರ ಆರ್ಡರು ಮೊಬೈಲ್ ಟವರು, ಬ್ರೋಕರಿನ ಸರ್ವರು, ಅಲ್ಲಿಯ ಹಣದ ತಪಾಸಣೆ ಎಲ್ಲ ದಾಟಿ ಕೇಂದ್ರ ಮುಟ್ಟಲು ಅರ್ಧ ಸೆಕೆಂಡೇ ಹಿಡಿಯಲಿ. ಆ ಅರ್ಧ ಸೆಕೆಂಡಿನಲ್ಲಿ ಬೆಲೆ ಏರುವ ಸಂಭವ ಎಷ್ಟೋ ಇಳಿಯುವ ಸಂಭವವೂ ಹೆಚ್ಚುಕಡಿಮೆ ಅಷ್ಟೇ, ಏಕೆಂದರೆ ಮಾವ ಕೊಳ್ಳಲು ನಿರ್ಧರಿಸಿದ್ದು ಬೆಳಗಿನ ಪತ್ರಿಕೆ ಓದಿ, ಆ ಕ್ಷಣದ ಫ್ಯೂಚರ್ ಜಿಗಿತವನ್ನು ಕಂಡಲ್ಲ. ನನ್ನ ಬಿಡ್ಡನ್ನು ಹೊಡೆಯುವವನು ಅದು ತಪ್ಪಾದ ಗಳಿಗೆಯನ್ನೇ ಆರಿಸಿಕೊಂಡು ಹೊಡೆಯುತ್ತಾನೆ, ಹಾಗಾಗಿ ನನ್ನ ತಡ ಯಾವಾಗಲೂ ನಷ್ಟದ ಕಡೆಗೇ ವಾಲುತ್ತದೆ. ಮಾವನ ತಡವನ್ನು ಹಾಗೆ ಕಾದು ಹಿಡಿಯುವವರಿಲ್ಲ. ಅವರು ಮನೆಯಲ್ಲಿ ಕೂತು ಐದು ಪೈಸೆ, ಹತ್ತು ಪೈಸೆಗೆ ದಿನಕ್ಕೆ ಐವತ್ತು ಸಲ ಆಪ್ಷನ್ ಕೊಂಡು ಮಾರುವವರಾಗಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು. ಆಗ ಅವರು ನಿಂತಿರುವುದು ನಮ್ಮದೇ ಅಖಾಡದಲ್ಲಿ, ಬರಿಗೈಯಲ್ಲಿ.

ಹನ್ನೆರಡನೆಯ ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಹೆಚ್ಚು ವ್ಯವಹಾರವಿಲ್ಲದ ಒಂದು ಸಣ್ಣ ಕಂಪನಿಯ 1,000 ಷೇರನ್ನು 9:15ಕ್ಕೆ ಸರಿಯಾಗಿ ಮಾರ್ಕೆಟ್ ಆರ್ಡರಿನಲ್ಲಿ ಕೊಂಡದ್ದು. ಕಂಡ ಮಾರುವ ದರ 61.20. ಕಾಂಟ್ರಾಕ್ಟ್ ನೋಟ್ ತೆಗೆದು ನೋಡಿದರೆ 300 ಷೇರು 61.20ಕ್ಕೆ, 400 ಷೇರು 61.90ಕ್ಕೆ, ಉಳಿದ 300 ಷೇರು 62.80ಕ್ಕೆ. ಒಟ್ಟು 61,960 ರೂಪಾಯಿ; ಎಲ್ಲವೂ 61.20ಕ್ಕೆ ಸಿಕ್ಕಿದ್ದರೆ 61,200. ಅಲ್ಲಿ ಹೋದದ್ದು 760 ರೂಪಾಯಿ, ಉಳಿದ ಹನ್ನೊಂದೂ ಸೇರಿ ಹೋದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು.

“ಇದನ್ನು ಯಾವ ಮೆಷಿನ್ನೂ ಮಾಡಲಿಲ್ಲ ಮಾವ. 61.20ಕ್ಕೆ ಇದ್ದದ್ದೇ ಮುನ್ನೂರು ಷೇರು. ನೀವು ಏನಾದರೂ ಸರಿ ಸಾವಿರ ಕೊಡಿ ಎಂದಿರಿ, ಅದು ಮೇಲಿನ ಮೆಟ್ಟಿಲು ಹತ್ತಿ ಹತ್ತಿ ತಂದುಕೊಟ್ಟಿತು. ನೀವು ನಮ್ಮ ಕೋಲೊದಲ್ಲೇ ಕೂತು ಒತ್ತಿದ್ದರೂ ಇಷ್ಟೇ.”

ಮಾವ ಕನ್ನಡಕ ಏರಿಸಿ ಮೂರೂ ಸಂಖ್ಯೆಗಳನ್ನು ತಾವೇ ಗುಣಿಸಿ, ಕೂಡಿ, ಸರಿಯಾಯಿತೆಂದ ಮೇಲೆ ಡೈರಿ ಮುಚ್ಚಿದರು. ಮುಂದಿನ ತಿಂಗಳು ಅದೇ ಕಂಪನಿಯ ಇನ್ನೂ 1,000 ಷೇರು ಬೇಕಾದಾಗ ಇದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬ ಲಿಮಿಟ್ ಬೆಲೆ ಬರೆದು, ಬೆಳಿಗ್ಗೆ ಹತ್ತೂವರೆಗೆ ಹಾಕಿದರಂತೆ. ಇನ್ನೂರು ಷೇರು ಕೂಡಲೇ ಸಿಕ್ಕಿತು, ಮಿಕ್ಕದ್ದು ನಿಂತೇ ಇತ್ತು. ಊಟ ಮಾಡಿ ಮಲಗಿ ಎದ್ದು ನೋಡುವಾಗ ಎಲ್ಲವೂ ಅದೇ ಬೆಲೆಗೆ ಬಂದಿತ್ತೆಂದು ಸಂಜೆ ಫೋನು ಮಾಡಿ ಹೇಳಿದರು.