ಮನೆ ಹೊಸ್ತಿಲಿಗಿಂತ ರಸ್ತೆ ಎತ್ತರವಾದರೆ? ಸಣ್ಣ ಕಾಮಗಾರಿಯ ಪರಿಸರ–ಸಾಮಾಜಿಕ ಪರಿಣಾಮದ ಅಧ್ಯಾಯ ಬರೆಯುವ ಬಗೆ

ಶಾಲೆಗೆ ಎರಡು ಕೋಣೆ ಕಟ್ಟುವ ಯೋಜನೆಯೊಂದು ಒಮ್ಮೆ ನನ್ನ ಮೇಜಿಗೆ ಬಂತು. ಅದರ ‘ಪರಿಸರ ಮತ್ತು ಸಾಮಾಜಿಕ ಪರಿಣಾಮ’ ಅಧ್ಯಾಯದಲ್ಲಿ ಸೇತುವೆ ಕಂಬಗಳಿಂದ ಮೀನುಗಳಿಗೆ ಆಗುವ ತೊಂದರೆ ಬಗ್ಗೆ ಅರ್ಧ ಪುಟ ಇತ್ತು. ಶಾಲೆಯ ಹತ್ತಿರ ಹೊಳೆಯೇ ಇರಲಿಲ್ಲ! ಯಾವುದೋ ಹಳೇ ಫೈಲಿನಿಂದ ಎತ್ತಿ ಅಂಟಿಸಿದ್ದರು. ಆದರೆ ಕೋಣೆಗಾಗಿ ಕೆಡವಬೇಕಿದ್ದ ಹಳೇ ಶೆಡ್ಡಿನ ಸಿಮೆಂಟ್ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇದೆಯೇ, ಇದ್ದರೆ ಅದನ್ನು ಒಡೆಯದೆ, ಒದ್ದೆ ಮಾಡಿ ಇಳಿಸುವುದು ಹೇಗೆ ಅನ್ನುವ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇಂಥವನ್ನು ಸಾಕಷ್ಟು ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಸಣ್ಣ ಕಾಮಗಾರಿಗೆ ನಲವತ್ತು ಪುಟ ಬೇಡ. ನಾಲ್ಕೈದು ಪುಟ ಸಾಕು, ಆದರೆ ಅದು ಅದೇ ಜಾಗದ್ದಾಗಿರಬೇಕು.

ಒಂದು ಉದಾಹರಣೆ ಹಿಡಿದುಕೊಳ್ಳೋಣ. 1.2 ಕಿಲೋಮೀಟರ್ ಮಣ್ಣಿನ ರಸ್ತೆಗೆ ಡಾಂಬರು ಹಾಕಬೇಕು. ನಡುವೆ ಒಂದಷ್ಟು ಮನೆ, ಒಂದು ಶಾಲೆ, 700ನೇ ಮೀಟರಿನಲ್ಲಿ ಹಳ್ಳಕ್ಕೆ ಒಂದು ಮೋರಿ.

ಮೊದಲನೆಯದು: ಅನುಮತಿಗಳ ಪಟ್ಟಿ. ಮರ ಕಡಿಯಲು, ಹಳ್ಳದ ಪಾತ್ರ ಮುಟ್ಟಲು, ಮಣ್ಣು ತೆಗೆಯಲು ಯಾರ ಒಪ್ಪಿಗೆ ಬೇಕು ಅಂತ ಒಂದು ಪುಟದಲ್ಲಿ ಬರೆಯಿರಿ. ಮುಂದೆ ಹೋಗಿ.

ಎರಡನೆಯದು: ನಡೆಯಿರಿ. ಜೀಪಿನಲ್ಲಿ ಕೂತು ನೋಡಿದ್ದು ಲೆಕ್ಕಕ್ಕಿಲ್ಲ. ಟೇಪು, ಫೋನು, ನೋಟ್‌ಬುಕ್ ಹಿಡಿದು ಪೂರ್ತಿ ರಸ್ತೆ ನಡೆಯಿರಿ. ಕಂಡದ್ದನ್ನೆಲ್ಲ ಮೀಟರ್ ಲೆಕ್ಕದಲ್ಲಿ ಬರೆದುಕೊಳ್ಳಿ: ‘430ನೇ ಮೀಟರ್, ಎಡಕ್ಕೆ, ನಾಲ್ಕು ಮನೆ, ನೆಲ ರಸ್ತೆಗಿಂತ 20 ಸೆಂಟಿಮೀಟರ್ ಎತ್ತರ.’ ರೋಲರ್ ಓಡುವ ಕಡೆ ಹಳೇ ಗೋಡೆಗಳಿದ್ದರೆ ಈಗಲೇ ಇರುವ ಬಿರುಕುಗಳ ಫೋಟೋ ತೆಗೆದಿಡಿ. ಆಮೇಲೆ ‘ನಿಮ್ಮಿಂದಲೇ ಬಿರುಕು ಬಿಟ್ಟಿತು’ ಅಂತ ಬಂದರೆ, ನಿಜವೋ ಅಲ್ಲವೋ ಹೇಳಲು ಇಬ್ಬರಿಗೂ ಅದೇ ಆಧಾರ.

ಜನರನ್ನು ಕೇಳುವಾಗ ‘ನಿಮ್ಮ ಅಭ್ಯಂತರ ಇದೆಯಾ?’ ಅಂತ ಕೇಳಬೇಡಿ. ರಸ್ತೆ ಬೇಡ ಅನ್ನುವವರು ಯಾರು? ಎಲ್ಲರೂ ತಲೆ ಆಡಿಸುತ್ತಾರೆ, ನೀವು ‘ಆಕ್ಷೇಪಣೆ ಇಲ್ಲ’ ಅಂತ ಬರೆದುಕೊಂಡು ಬರುತ್ತೀರಿ. ‘ಜೋರು ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತೆ?’ ಅಂತ ಕೇಳಿ. ‘ಎರಡು ವಾರ ಈ ದಾರಿ ಮುಚ್ಚಿದರೆ ನೀರು ತರೋದು ಹೇಗೆ?’ ಅಂತ ಕೇಳಿ. ಹೆಂಗಸರು ಮನೆಯಲ್ಲಿರುವ ಹೊತ್ತು ನೋಡಿಕೊಂಡು ಹೋಗಿ.

ಮೂರನೆಯದು: ತೊಂದರೆ ಮತ್ತು ಪರಿಹಾರಗಳ ಕೋಷ್ಟಕ. ಎಡವುವುದು ಇಲ್ಲೇ. ‘ಧೂಳು ನಿಯಂತ್ರಿಸಲಾಗುವುದು’, ‘ಸೂಕ್ತ ಚರಂಡಿ ಒದಗಿಸಲಾಗುವುದು’ ಅಂತ ಬರೆದು ಮುಗಿಸಿಬಿಡುತ್ತಾರೆ. ಸೂಕ್ತ ಅಂದರೆ ಎಷ್ಟು? ಒದಗಿಸುವವರು ಯಾರು? ನನ್ನ ಪ್ರಕಾರ ಪ್ರತಿ ಸಾಲಿನಲ್ಲೂ ಆರು ಉತ್ತರ ಇರಲೇಬೇಕು: ಎಲ್ಲಿ, ಏನಾಗುತ್ತೆ, ಏನು ಮಾಡುತ್ತೇವೆ, ಯಾವಾಗ, ಯಾರು, ಎಸ್ಟಿಮೇಟಿನ ಯಾವ ಐಟಂನಿಂದ ದುಡ್ಡು.

430ನೇ ಮೀಟರಿನ ಆ ನಾಲ್ಕು ಮನೆಗಳನ್ನೇ ತಗೊಳ್ಳಿ. ಹೊಸ ರಸ್ತೆಗೆ 15 ಸೆಂಟಿಮೀಟರಿನ ಎರಡು ಪದರ ಜಲ್ಲಿ, ಮೇಲೆ 2 ಸೆಂಟಿಮೀಟರ್ ಡಾಂಬರು. ಒಟ್ಟು 32. ಮನೆಯ ನೆಲ ಈಗಿನ ರಸ್ತೆಗಿಂತ 20 ಎತ್ತರ. ಅಂದರೆ ಕೆಲಸ ಮುಗಿದ ದಿನ ರಸ್ತೆಯೇ ಮನೆಗಿಂತ 12 ಸೆಂಟಿಮೀಟರ್ ಮೇಲಿರುತ್ತೆ. ಮೊದಲ ಮಳೆಗೆ ನೀರು ಹೊಸ್ತಿಲು ದಾಟಿ ಒಳಗೆ. ಕೂಡಿಸಿ ಕಳೆಯುವಷ್ಟೇ ಲೆಕ್ಕ. ಆದರೂ ಇದನ್ನು ಮಾಡಿದ ವರದಿ ನಾನು ನೋಡಿದ್ದು ತೀರಾ ಕಡಿಮೆ.

ಪರಿಹಾರ: ಆ 60 ಮೀಟರ್ ಉದ್ದಕ್ಕೆ ಮೊದಲು 30 ಸೆಂಟಿಮೀಟರ್ ಅಗೆದು, ಆ ಗುಂಡಿಯೊಳಗೇ ಜಲ್ಲಿ ಕೂರಿಸುವುದು. ಆಗ ರಸ್ತೆ ಏರುವುದು ಬರೀ 2 ಸೆಂಟಿಮೀಟರ್, ಮನೆ 18 ಮೇಲೆ ಉಳಿಯುತ್ತೆ. ಆದರೆ ಅಲ್ಲಿಗೇ ಮುಗಿಯಲಿಲ್ಲ. ನಾಲ್ಕೂವರೆ ಮೀಟರ್ ಅಗಲಕ್ಕೆ ಅಗೆದರೆ 81 ಘನ ಮೀಟರ್ ಮಣ್ಣು. ಅಗೆದ ಮಣ್ಣು ಉಬ್ಬುತ್ತೆ, ಸುಮಾರು 100 ಅಂತ ಹಿಡಿಯಿರಿ. ಎಲ್ಲಿಗೆ ಹಾಕುತ್ತೀರಿ? ಬರೆಯದಿದ್ದರೆ ಅದು ಹತ್ತಿರದ ತಗ್ಗಿಗೆ, ಅಂದರೆ ಹಳ್ಳಕ್ಕೇ ಹೋಗುತ್ತೆ. ರಸ್ತೆ ಅಂಚು ತುಂಬಲು ಬೇಕಾದ ಕಡೆ ಗುರುತಿಸಿ, ಮೀಟರ್ ಸಂಖ್ಯೆ ಹಾಕಿ.

ಇನ್ನು ಚರಂಡಿ. ಚರಂಡಿ ಹಾಕಿದ್ದೇವೆ ಅಂದರೆ ಸಾಲದು, ಅದು ಎಲ್ಲಿ ಕೊನೆಯಾಗುತ್ತೆ? ಮನೆಗಳ ಮುಂದಷ್ಟೇ ಕಟ್ಟಿ ಬಿಟ್ಟರೆ ನೀರು 490ನೇ ಮೀಟರಿನ ಹೊಲಕ್ಕೆ ನುಗ್ಗುತ್ತೆ. ಒಬ್ಬರ ತೊಂದರೆ ಇನ್ನೊಬ್ಬರಿಗೆ ದಾಟಿಸಿದಂತೆ. ಮೋರಿವರೆಗೆ ಒಯ್ಯಬೇಕು. 430ರಿಂದ 700ಕ್ಕೆ 270 ಮೀಟರ್. ಇನ್ನೂರಕ್ಕೆ ಒಂದರಂತೆ ಇಳಿಜಾರು ಕೊಟ್ಟರೆ ಕೊನೆಯಲ್ಲಿ 1.35 ಮೀಟರ್ ಇಳಿದಿರಬೇಕು. ನೆಲ ಅಷ್ಟು ಇಳಿಯದಿದ್ದರೆ ಚರಂಡಿ ಆಳವಾಗುತ್ತಾ ಹೋಗುತ್ತೆ. ಆಗ ಮಕ್ಕಳು ಬೀಳದಂತೆ ಮುಚ್ಚಳ ಬೇಕು. ಆಳ ಇರಲಿ ಬಿಡಲಿ, ಪ್ರತಿ ಮನೆ ಬಾಗಿಲಿಗೂ ದಾಟು ಚಪ್ಪಡಿ ಬೇಕೇ ಬೇಕು. ವಯಸ್ಸಾದವರು ಚರಂಡಿ ಹಾರಿ ಮನೆಗೆ ಹೋಗೋಕಾಗಲ್ಲ, ಅಲ್ವಾ?

ಧೂಳಿನ ಸಾಲನ್ನೂ ಹೀಗೇ ಬರೆಯಿರಿ. ಮನೆ, ಶಾಲೆ ಇರುವ 300 ಮೀಟರ್, ಅಗಲ 4, ಚದರ ಮೀಟರಿಗೆ 1 ಲೀಟರ್ ನೀರು. ಒಂದು ಸಲಕ್ಕೆ 1,200 ಲೀಟರ್. ದಿನಕ್ಕೆ ಮೂರು ಸಲ ಅಂದರೆ 3,600, ಹತ್ತಿರ ಹತ್ತಿರ ಒಂದು ಸಣ್ಣ ಟ್ಯಾಂಕರ್. 40 ದಿನಕ್ಕೆ 40 ಟ್ಯಾಂಕರ್. ಈ ಸಂಖ್ಯೆ ಎಸ್ಟಿಮೇಟಿನಲ್ಲಿ ಪ್ರತ್ಯೇಕ ಐಟಂ ಆಗಿ ಕೂರಬೇಕು. ಇಲ್ಲದಿದ್ದರೆ ಕಂಟ್ರಾಕ್ಟರ್ ನೀರು ಹಾಕಲ್ಲ, ಹಾಕು ಅಂತ ಹೇಳೋಕೆ ನಿಮಗೂ ಬಾಯಿರಲ್ಲ. ನೀರು ಎಲ್ಲಿಂದ ತರಬಾರದು ಅನ್ನುವುದನ್ನೂ ಬರೆಯಿರಿ. ಕುಡಿಯುವ ನೀರಿನ ಬಾವಿಗೆ ಪಂಪ್ ಇಳಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ನಡುವೆ ಒಂದು ಮಾತು. ತೊಂದರೆಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಟ್ಟು, ಗುಣಿಸಿ, ಬಣ್ಣ ಬಳಿಯುವ ರೆಡಿಮೇಡ್ ಹಾಳೆಗಳು ಸಿಗುತ್ತವೆ. ಸಣ್ಣ ಕೆಲಸಕ್ಕೆ ಅವು ಸುಮ್ನೆ ಕಾಲಹರಣ. ಹೊಸ್ತಿಲ ಲೆಕ್ಕಕ್ಕೆ ಅಂಕ ಬೇಕಾಗಿಲ್ಲ. ಹಾಗೆಯೇ ಮೋರಿ ಕೆಲಸದಲ್ಲಿ ಕೆಸರು ಹಳ್ಳಕ್ಕೆ ಇಳಿಯದಂತೆ ನೆರಳು ಪರದೆ ಕಟ್ಟಿ ‘ಹೂಳು ತಡೆ’ ಅನ್ನುತ್ತಾರೆ. ಅದರ ಕಣ್ಣಿನಲ್ಲಿ ನುಣ್ಣನೆ ಮಣ್ಣೆಲ್ಲ ದಾಟಿಹೋಗುತ್ತೆ. ಇದಕ್ಕೆಂದೇ ಇರುವ, ಒತ್ತಾಗಿ ನೇಯ್ದ ಬಟ್ಟೆ ತರಿಸಿ, ಕೆಳ ಅಂಚನ್ನು 15 ಸೆಂಟಿಮೀಟರ್ ಮಣ್ಣಿನಲ್ಲಿ ಹೂಳಬೇಕು, ಇಲ್ಲದಿದ್ದರೆ ನೀರು ಅಡಿಯಿಂದ ನುಸುಳುತ್ತೆ. ಮೋರಿ ಕೆಲಸವನ್ನೇ ಬೇಸಿಗೆಗೆ ಇಟ್ಟುಕೊಂಡರೆ ಅರ್ಧ ಚಿಂತೆ ಕಳೆಯಿತು.

ನಾಲ್ಕನೆಯದು: ಜಾಗ. ರಸ್ತೆ ಅಗಲಿಸಲು ಹೊಲದ ಅಂಚು ಬೇಕಾದರೆ ‘ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟಿದ್ದಾರೆ’ ಅಂತ ಬರೆಯುವ ಚಾಳಿ ಇದೆ. ಬೇಡ ಅಂದರೆ ರಸ್ತೆ ಬೇರೆ ಕಡೆ ತಿರುಗುತ್ತಿತ್ತೇ? ಇಲ್ಲ ಅಂದರೆ ಅದು ಸ್ವಂತ ಇಚ್ಛೆ ಅಲ್ಲ. ಹೋಗುವುದು ಎಷ್ಟು, ಉಳಿಯುವುದು ಎಷ್ಟು ಅಳೆದು ಬರೆಯಿರಿ. ಹೊಲವನ್ನು ಗೇಣಿಗೆ ಮಾಡುತ್ತಿರುವವರ ಸಹಿಯೂ ಇರಲಿ. ಬೆಳೆ ಹೋಗುವುದು ಅವರದು. ರಸ್ತೆ ಬದಿಯ ಗೂಡಂಗಡಿ ಸರಿಸಬೇಕಾದರೆ ಎಲ್ಲಿಗೆ, ಎಷ್ಟು ದಿನಕ್ಕೆ, ಸಾಗಿಸುವ ಖರ್ಚು ಯಾರದು ಅನ್ನುವುದೂ ಕೋಷ್ಟಕದ ಒಂದು ಸಾಲೇ.

ಐದನೆಯದು: ದೂರು. ಬೋರ್ಡು, ಫೋನ್ ನಂಬರ್, ರಿಜಿಸ್ಟರ್, ಉತ್ತರ ಕೊಡಲು ಏಳು ದಿನ. ನಂಬರ್ ಕಂಟ್ರಾಕ್ಟರದ್ದಾಗಿರಬಾರದು.

ಕೊನೆಗೆ ತಪಾಸಣೆ. ತಿಂಗಳಿಗೊಮ್ಮೆ ಅದೇ ಜಾಗಗಳಲ್ಲಿ ನಿಂತು ಫೋಟೋ. ಜೊತೆಗೆ, ಮುಗಿದ ಮೇಲಿನ ಮೊದಲ ಜೋರು ಮಳೆಗೆ ಒಬ್ಬರು ಕೊಡೆ ಹಿಡಿದು 430ನೇ ಮೀಟರಿಗೆ ಹೋಗಿ ನೋಡಬೇಕು, ಅದಾದ ಮೇಲೆಯೇ ಕೊನೆಯ ಬಿಲ್ಲು ಅಂತ ಕೋಷ್ಟಕದಲ್ಲೂ ಒಪ್ಪಂದದಲ್ಲೂ ಬರೆದಿಡಿ.