ಸೀರೆ ಅಂಗಡೀಲಿದೆ, ಸೇಲ್ ಇನ್ನೂ ಆಗಿಲ್ಲ: ಕನ್ಸೈನ್‌ಮೆಂಟ್ ಲೆಕ್ಕ ಬರೆಯೋದು ಹೇಗೆ?

ಇಳಕಲ್‌ನ ಒಬ್ಬ ಸೀರೆ ತಯಾರಕರು ಫೆಬ್ರವರೀಲಿ ಬೆಂಗಳೂರಿನ ಅಂಗಡಿಗೆ 100 ಸೀರೆ ಕಳಿಸ್ತಾರೆ ಅಂದ್ಕೊಳ್ಳಿ. ಒಂದಕ್ಕೆ ಅಸಲು 2,000 ರೂಪಾಯಿ, ಲಾರಿ ಬಾಡಿಗೆ 5,000, ಮಾರಿದ್ದರ ಮೇಲೆ ಅಂಗಡಿಗೆ 10% ಕಮಿಷನ್.

ಮೊದಲು ಮಾತುಕತೆ ಏನಾಗಿದೆ ನೋಡಿ. ಮಾರದೆ ಉಳಿದದ್ದನ್ನ ಅಂಗಡಿಯವರು ವಾಪಸ್ ಕಳಿಸಬಹುದು, ತಯಾರಕರು ಕೇಳಿದರೆ ಕೊಡಲೇಬೇಕು, ಗಿರಾಕಿ ಕೊಳ್ಳೋವರೆಗೂ ದುಡ್ಡು ಕೊಡಬೇಕಾಗಿಲ್ಲ ಅಂತಿದ್ರೆ ಅದು ಕನ್ಸೈನ್‌ಮೆಂಟ್, ಸೀರೆ ಇನ್ನೂ ಇಳಕಲ್‌ನವರದ್ದೇ. ಮಾರಲಿ ಬಿಡಲಿ 60 ದಿನಕ್ಕೆ ದುಡ್ಡು ಕಟ್ಟಬೇಕು, ವಾಪಸ್ ತಗೊಳಲ್ಲ ಅಂತಿದ್ರೆ ಕಾಗದದ ಮೇಲೆ ಏನೇ ಹೆಸರಿರಲಿ, ಅದು ಸಾಲದ ಮಾರಾಟ ಅಷ್ಟೇ.

ಮಾಲು ಹೊರಟ ದಿನ ಕನ್ಸೈನ್‌ಮೆಂಟ್ ಖಾತೆಗೆ 2,00,000 ಡೆಬಿಟ್ ಮಾಡಿ, ಕನ್ಸೈನ್‌ಮೆಂಟ್‌ಗೆ ಕಳಿಸಿದ ಸರಕಿನ ಖಾತೆಗೆ ಕ್ರೆಡಿಟ್ ಮಾಡಿ, ಲಾರಿ ಬಾಡಿಗೆ 5,000 ಕೂಡ ಕನ್ಸೈನ್‌ಮೆಂಟ್ ಖಾತೆಗೇ ಡೆಬಿಟ್. ಸೇಲ್ಸ್ ಖಾತೆ ಮುಟ್ಟಬೇಡಿ, ಅಂಗಡಿಯವರ ಹೆಸರಲ್ಲಿ ಬಾಕಿನೂ ತೋರಿಸಬೇಡಿ. ಅವರು 50,000 ಅಡ್ವಾನ್ಸ್ ಕೊಟ್ಟಿದ್ರೆ ಅದೂ ಮಾರಾಟ ಅಲ್ಲ, ಅವರಿಗೆ ನೀವು ಕೊಡಬೇಕಾದ ಬಾಬ್ತು.

ಜಿಎಸ್‌ಟಿ ಹತ್ರ ಸುಮಾರು ಜನ ಎಡವೋದು. ಏಜೆಂಟ್, ಅಂದ್ರೆ ಇಲ್ಲಿ ಅಂಗಡಿಯವನು, ತನ್ನ ಹೆಸರಲ್ಲೇ ಗಿರಾಕಿಗೆ ಬಿಲ್ ಹಾಕ್ತಾನೆ ಅಂದ್ರೆ ಮಾಲು ಅವನಿಗೆ ಕಳಿಸಿದಾಗ್ಲೇ ತೆರಿಗೆ ಬೀಳುತ್ತೆ, ಟ್ಯಾಕ್ಸ್ ಇನ್‌ವಾಯ್ಸ್ ಹಾಕಬೇಕಾಗುತ್ತೆ, ಆ ಇನ್‌ವಾಯ್ಸನ್ನೇ ಸಾಫ್ಟ್‌ವೇರಲ್ಲಿ ಸೇಲ್ ಅಂತ ಎಂಟ್ರಿ ಹಾಕಿಬಿಡ್ತಾರೆ. ತೆರಿಗೆ ಕಟ್ಟೋ ದಿನ ಬೇರೆ, ಪುಸ್ತಕದಲ್ಲಿ ಆದಾಯ ತೋರಿಸೋ ದಿನ ಬೇರೆ. (ಕೆಳಗಿನ ಲೆಕ್ಕದಲ್ಲಿ ತೆರಿಗೆ ಸೇರಿಸಿಲ್ಲ.)

ಮಾರ್ಚ್ 31ರೊಳಗೆ 70 ಸೀರೆ ತಲಾ 3,000ಕ್ಕೆ ಹೋಯ್ತು. ಅಂಗಡಿಯವರ ಮಾರಾಟದ ಪಟ್ಟಿ, ಅಂದ್ರೆ ಅಕೌಂಟ್ ಸೇಲ್ಸ್, ಕೈಗೆ ಸಿಕ್ಕಿದ್ದು ಏಪ್ರಿಲ್ 10ಕ್ಕೆ. ಸೇಲ್ ಯಾವ ವರ್ಷದ್ದು? ಮಾರ್ಚ್‌ದೇ, ಯಾಕಂದ್ರೆ ಗಿರಾಕಿ ಕೊಂಡ ದಿನ ಲೆಕ್ಕ, ಪಟ್ಟಿ ಬಂದ ದಿನ ಅಲ್ಲ, ದುಡ್ಡು ಬಂದ ದಿನವೂ ಅಲ್ಲ. ಅದಕ್ಕೇ ಪಟ್ಟಿಯಲ್ಲಿ ತಾರೀಕುವಾರು ಬಿಲ್ ಕೇಳಿ. ಆಗ ಅಂಗಡಿ ಖಾತೆಗೆ 2,10,000 ಡೆಬಿಟ್, ಕನ್ಸೈನ್‌ಮೆಂಟ್‌ಗೆ ಕ್ರೆಡಿಟ್. ಕಮಿಷನ್ 21,000ವನ್ನ ಇದರಲ್ಲಿ ಕಳೆದು 1,89,000 ಅಂತ ಮಾರಾಟ ಬರೆಯೋದು ತಪ್ಪು, ಕಮಿಷನ್ ಬೇರೆ ಖರ್ಚು. ಅಂಗಡಿಯಿಂದ ಬರಬೇಕಾದ್ದು ಕಮಿಷನ್, ಅಡ್ವಾನ್ಸ್ ಕಳೆದು 1,39,000.

ಉಳಿದ 30 ಸೀರೆ ನಿಮ್ಮ ಸ್ಟಾಕ್. ಅಸಲು 60,000, ಅದರ ಪಾಲಿನ ಲಾರಿ ಬಾಡಿಗೆ 1,500, ಒಟ್ಟು 61,500. ಕಮಿಷನ್ ಇದಕ್ಕೆ ಸೇರಲ್ಲ, ಅದು ಮಾರಿದ 70ಕ್ಕೆ ಆದ ಖರ್ಚು. 2,10,000ಕ್ಕೆ 61,500 ಕೂಡಿಸಿ, ಅಸಲು, ಬಾಡಿಗೆ, ಕಮಿಷನ್ ಸೇರಿ 2,26,000 ಕಳೆದ್ರೆ ಲಾಭ 45,500.

ವರ್ಷದ ಕೊನೆಗೆ ಅಂಗಡಿಗೇ ಹೋಗಿ ಸೀರೆ ಎಣಿಸಿ ಬನ್ನಿ. 30ರ ಬದಲು 28 ಇದ್ರೆ ಒಂದೋ ಎರಡು ಮಾರಿ ಪಟ್ಟಿಗೆ ಹಾಕಿಲ್ಲ, ಇಲ್ಲಾ ಕಳೆದಿವೆ, ಕಳೆದಿದ್ರೆ ಆ ನಷ್ಟ ಯಾರು ತುಂಬಬೇಕು ಅಂತ ಕರಾರಲ್ಲಿ ನೋಡ್ಕೊಳ್ಳಿ.